ಪಂಚಮಿಯ ಉಂಡೆ ತಂದ ಮೂರನೆಯ ದಿನಕ್ಕೆ ಲಾಕರಿನಲ್ಲಿ ಇರುವೆ, ಐದನೆಯ ದಿನಕ್ಕೆ ಇಲಿ. ನಿಮ್ಮ ಕೊಠಡಿಯಲ್ಲಿ ಏನು ಮಾಡುತ್ತೀರಿ?

ಮೂರನೆಯ ಮಹಡಿಯವಳು
ವಿಜಯಪುರದ ಒಂದು ಹಾಸ್ಟೆಲಿನಲ್ಲಿ ನಾವು ನಾಲ್ವರು ಒಂದೇ ಕೊಠಡಿಯಲ್ಲಿದ್ದೇವೆ. ನಾಗರ ಪಂಚಮಿಗೆ ಊರಿಗೆ ಹೋಗಿ ಸೋಮವಾರ ಮರಳಿದೆವು. ನಾಲ್ವರ ಚೀಲದಲ್ಲೂ ಶೇಂಗಾ ಉಂಡೆ, ಎಳ್ಳುಂಡೆ, ಬೇಸನ್ ಉಂಡೆ, ಅದರ ಜೊತೆಗೆ ಖಡಕ್ ರೊಟ್ಟಿ, ಚಟ್ನಿಪುಡಿ. ಒಬ್ಬೊಬ್ಬರಿಗೆ ಒಂದೊಂದು ಕಬ್ಬಿಣದ ಲಾಕರ್ ಇದೆ, ಬಾಗಿಲಿನಲ್ಲಿ ಗಾಳಿಗೆಂದು ಸೀಳುಗಳಿವೆ. ಎಲ್ಲವನ್ನೂ ತಿರುಗಿಸಿ ಮುಚ್ಚುವ ಪ್ಲಾಸ್ಟಿಕ್ ಡಬ್ಬಿಗಳಲ್ಲಿ ಹಾಕಿ ಇಟ್ಟಿದ್ದೆವು.

ಬುಧವಾರ ಬೆಳಿಗ್ಗೆ ಕಿಟಕಿಯಿಂದ ಲಾಕರಿನವರೆಗೆ ಸಣ್ಣ ಕಪ್ಪು ಇರುವೆಗಳ ಸಾಲು. ಮುಚ್ಚಳ ಬಿಗಿಯಾಗಿಯೇ ಇತ್ತು, ಆದರೂ ಡಬ್ಬಿಯ ಒಳಗೆ ಇರುವೆ! ನೆಲಕ್ಕೆ ಫಿನಾಯಿಲ್ ಹಾಕಿ ಒರೆಸಿದೆವು. ಗುರುವಾರ ಅದೇ ಜಾಗದಲ್ಲಿ ಮತ್ತೆ ಸಾಲು. ಶುಕ್ರವಾರ ಗೆಳತಿಯ ಡಬ್ಬಿಯ ಒಂದು ಮೂಲೆಯನ್ನು ಇಲಿ ಕೊರೆದಿತ್ತು, ಪಕ್ಕದಲ್ಲಿದ್ದ ಟಿಪ್ಪಣಿಯ ಹಾಳೆಗಳನ್ನು ಚೂರು ಚೂರು ಮಾಡಿತ್ತು. ಇನ್ನೊಮ್ಮೆ ತಿಂಡಿ ಕಂಡರೆ ಎಲ್ಲವನ್ನೂ ಎಸೆಸುತ್ತೇನೆ ಎಂದು ಮೇಲ್ವಿಚಾರಕರು ಹೇಳಿದ್ದಾರೆ. ರಾತ್ರಿ ಏಳೂವರೆಗೆ ಊಟ ಮುಗಿಯುತ್ತದೆ, ಹನ್ನೆರಡರವರೆಗೆ ಓದುತ್ತೇವೆ. ಏನೂ ಇಟ್ಟುಕೊಳ್ಳದೆ ಇರುವುದು ನಮ್ಮಿಂದ ಸಾಧ್ಯವಿಲ್ಲ. ನೀವೆಲ್ಲ ಹೇಗೆ ನಿಭಾಯಿಸುತ್ತೀರಿ?

ಬೀಳಗಿ ಬಿಸಿಲು
ಸುಲಭದ ಕೆಲಸ. ಇರುವೆ ಸೀಮೆಸುಣ್ಣದಿಂದ ಲಾಕರಿನ ಸುತ್ತ ಎರಡು ಗೆರೆ ಎಳೆಯಿರಿ. ಒಳಗೆ ನಾಲ್ಕು ನುಸಿಗುಳಿಗೆ ಹಾಕಿ. ಆ ವಾಸನೆಗೆ ಇಲಿಯೂ ಬರುವುದಿಲ್ಲ ಎನ್ನುತ್ತಾರೆ. ನಾನು ಮೂರು ವರ್ಷ ಹೀಗೆಯೇ ಕಳೆದೆ.

ದಾದಿ ಕಲಿಯುವವಳು
ಬೀಳಗಿಯ ಅಣ್ಣ, ಗೆರೆಯಿಂದ ಇರುವೆ ಸಾಯುತ್ತದೆ ಎಂಬುದು ನಿಜ. ಆದರೆ ಅದು ಸೀಮೆಸುಣ್ಣವಲ್ಲ, ಕೀಟನಾಶಕ. ಆ ಪುಡಿ ಕೈಗೆ, ಕೈಯಿಂದ ಡಬ್ಬಿಗೆ, ಡಬ್ಬಿಯಿಂದ ಉಂಡೆಗೆ ಹೋಗುತ್ತದೆ. ನೆಲದಲ್ಲಿ, ಗೋಡೆಯ ಬಿರುಕಿನಲ್ಲಿ ಎಳೆಯಲಿ, ತಿಂಡಿ ಇಡುವ ಲಾಕರಿನಲ್ಲಿ ಬೇಡವೇ ಬೇಡ. ನುಸಿಗುಳಿಗೆಯಂತೂ ಅದಕ್ಕಿಂತ ಕೆಟ್ಟದ್ದು. ಶೇಂಗಾ, ಎಳ್ಳಿನ ಎಣ್ಣೆ ಅದರ ವಾಸನೆಯನ್ನು ಹೀರಿಕೊಳ್ಳುತ್ತದೆ. ಮುಚ್ಚಿದ ಲಾಕರಿನಲ್ಲಿ ನಾಲ್ಕು ದಿನ ಇಟ್ಟ ಉಂಡೆಯನ್ನು ಬಾಯಿಗೆ ಹಾಕಿಕೊಂಡರೆ ನಿಮಗೇ ತಿಳಿಯುತ್ತದೆ.

ಬೀಳಗಿ ಬಿಸಿಲು
ನಾನು ಲಾಕರಿನ ಹೊರಗೆ ಎಳೆಯಿರಿ ಎಂದೆ, ಒಳಗಲ್ಲ. ಗುಳಿಗೆಯ ಮಾತು ಬೇಕಾದರೆ ಬಿಡಿ.

ಒಂದನೆಯ ಬೆಂಚು
ನಮ್ಮಲ್ಲಿಯೂ ಇದೇ ಗೋಳು. ಲಾಕರಿಗೆ ಬೀಗ ಹಾಕಿದ್ದರೂ ಕರದಂಟು ಅರ್ಧ ಖಾಲಿಯಾಗಿರುತ್ತದೆ. ಯಾರು ತಿನ್ನುತ್ತಾರೆ ಎಂದು ಗೊತ್ತಿದ್ದರೂ ಹೇಳುವಂತಿಲ್ಲ. ಒಳ್ಳೆಯ ಬೀಗ ಯಾವುದು ಎಂದು ಯಾರಾದರೂ ತಿಳಿಸಿ.

ಮೂರನೆಯ ಮಹಡಿಯವಳು
ನಾವು ಕೇಳುತ್ತಿರುವುದು ಇರುವೆ, ಇಲಿಯ ವಿಷಯ. ಗೆಳತಿಯರದ್ದಲ್ಲ.

ಗೋದಾಮಿನ ಕಾಕಾ
ನಾನು ಕಾಳುಕಡಿಯ ಗೋದಾಮಿನಲ್ಲಿ ಬಹಳ ವರ್ಷ ಕೆಲಸ ಮಾಡಿದವನು. ತಂಗಿ, ಉಪಾಯ ಹೇಳುವ ಮೊದಲು ನಾಲ್ಕು ವಿಷಯ ಕೇಳುತ್ತೇನೆ, ನೋಡಿಕೊಂಡು ಬಂದು ಹೇಳು. ಲಾಕರಿನ ಬೆನ್ನು ಗೋಡೆಗೆ ತಾಗಿದೆಯೇ? ಇಲಿಯ ಹಿಕ್ಕೆ ಎಷ್ಟು ಉದ್ದ ಇದೆ, ತುದಿ ಹೇಗಿದೆ? ಕೊಠಡಿಯ ಬಾಗಿಲು ಮುಚ್ಚಿದಾಗ ಅದರ ಕೆಳಗೆ ಪೆನ್ಸಿಲ್ ತೂರುತ್ತದೆಯೇ? ಡಬ್ಬಿಯಲ್ಲದೆ ತಿಂಡಿ ತಾಗಿದ ಮತ್ತೇನಾದರೂ ಕೊಠಡಿಯಲ್ಲಿ ತೂಗುತ್ತಿದೆಯೇ?

ಅಮೀನಗಡದ ಅಕ್ಕ
ಮಗಳು ಬಾಗಲಕೋಟೆಯಲ್ಲಿ ಓದುತ್ತಾಳೆ, ತಿಂಡಿ ಕಳುಹಿಸುವವಳು ನಾನು. ತಪ್ಪು ನಮ್ಮಿಂದಲೇ ಶುರುವಾಗುತ್ತದೆ ಎಂದು ನನಗೆ ತಡವಾಗಿ ತಿಳಿಯಿತು. ಮಗಳು ಹಸಿದಿರಬಾರದು ಎಂದು ತಿಂಗಳಿಗಾಗುವಷ್ಟು ಒಂದೇ ಡಬ್ಬಿಯಲ್ಲಿ ತುಂಬಿ ಕೊಡುತ್ತಿದ್ದೆ. ದಿನಕ್ಕೆ ಎರಡು ಸಲ ಆ ಡಬ್ಬಿಯನ್ನು ತೆರೆಯಬೇಕು, ಪ್ರತಿ ಸಲವೂ ಒಂದಿಷ್ಟು ಪುಡಿ ಅಂಚಿಗೆ ಬೀಳುತ್ತದೆ. ಈಗ ಐದೈದು ಉಂಡೆಗಳ ಪೊಟ್ಟಣ ಕಟ್ಟಿ ದೊಡ್ಡ ಸ್ಟೀಲ್ ಡಬ್ಬಿಯಲ್ಲಿ ಇಡುತ್ತೇನೆ. ಒಂದು ಪೊಟ್ಟಣ ತೆಗೆದರೆ ಅದು ಮುಗಿಯುವವರೆಗೆ ದೊಡ್ಡ ಡಬ್ಬಿಯನ್ನು ಮುಟ್ಟುವಂತಿಲ್ಲ. ಇನ್ನೊಂದು ಮಾತು. ಮಳೆಗಾಲದಲ್ಲಿ ಬೆಲ್ಲದ ಉಂಡೆ ಗಾಳಿಯ ತೇವ ಹೀರಿ ಬೆವರುತ್ತದೆ. ಆ ಅಂಟು ಡಬ್ಬಿಯ ಹೊರಗೂ ಹತ್ತುತ್ತದೆ. ಶ್ರಾವಣದಲ್ಲಿ ನಾನು ಬೆಲ್ಲದ್ದನ್ನು ಕಡಿಮೆ ಮಾಡಿ ಬೇಸನ್ ಉಂಡೆ, ಚೂಡಾ ಹೆಚ್ಚು ಕಳುಹಿಸುತ್ತೇನೆ.

ಎಳ್ಳು ಬೆಲ್ಲ
ಅಕ್ಕ, ಪಂಚಮಿಗೆ ಬೆಲ್ಲದ ಉಂಡೆ ಇಲ್ಲದಿದ್ದರೆ ಅದು ಪಂಚಮಿಯೇ?

ಅಮೀನಗಡದ ಅಕ್ಕ
ಹಬ್ಬಕ್ಕೆ ಮನೆಯಲ್ಲಿ ಮಾಡದೆ ಇರುತ್ತೇವೆಯೇ? ಹಾಸ್ಟೆಲಿಗೆ ಕಟ್ಟಿ ಕೊಡುವ ಮಾತು ಹೇಳಿದೆ.

ಮೂರನೆಯ ಮಹಡಿಯವಳು
ಕಾಕಾ, ನೋಡಿಕೊಂಡು ಬಂದೆ. ನಾಲ್ಕು ಲಾಕರುಗಳ ಬೆನ್ನೂ ಗೋಡೆಗೆ ಅಂಟಿಕೊಂಡಿದೆ. ಹಿಕ್ಕೆ ಜೀರಿಗೆಯ ಕಾಳಿನಷ್ಟಿದೆ, ತುದಿ ಚೂಪಾಗಿದೆ. ಬಾಗಿಲಿನ ಕೆಳಗೆ ಪೆನ್ಸಿಲ್ ಸಲೀಸಾಗಿ ತೂರುತ್ತದೆ. ಊರಿನಿಂದ ಬಸ್ಸಿನಲ್ಲಿ ಬುತ್ತಿ ಬರುತ್ತದೆ, ಅದರ ಬಟ್ಟೆ ಮತ್ತು ಚೀಲ ಕಿಟಕಿಯ ಪಕ್ಕದ ಮೊಳೆಗೆ ತೂಗುಹಾಕಿದ್ದೇವೆ. ಶನಿವಾರಕ್ಕೊಮ್ಮೆ ತೊಳೆಯುತ್ತೇವೆ.

ಗೋದಾಮಿನ ಕಾಕಾ
ಕಳ್ಳನ ಅರ್ಧ ಗುರುತು ನೀನೇ ಹೇಳಿದೆ. ಜೀರಿಗೆಯಷ್ಟು ಹಿಕ್ಕೆ ಎಂದರೆ ಅದು ಹೆಗ್ಗಣವಲ್ಲ, ದೊಡ್ಡ ಇಲಿಯೂ ಅಲ್ಲ. ಮನೆಯ ಚಿಕ್ಕ ಇಲಿ. ದೊಡ್ಡದರ ಹಿಕ್ಕೆ ಅದರ ಎರಡು ಮೂರು ಪಟ್ಟು ಉದ್ದ ಇರುತ್ತದೆ. ಈ ವ್ಯತ್ಯಾಸ ಏಕೆ ಬೇಕು ಎಂದರೆ, ಚಿಕ್ಕ ಇಲಿಗೆ 6 ಮಿಲಿಮೀಟರ್ ಸಂದು ಸಾಕು. ಪೆನ್ಸಿಲ್ ತೂರಿದ ಕಡೆ ಅದರ ತಲೆ ತೂರುತ್ತದೆ, ತಲೆ ತೂರಿದರೆ ಮೈಯೂ ತೂರುತ್ತದೆ. ನಿಮ್ಮ ಬಾಗಿಲು ಅದಕ್ಕೆ ಹೆದ್ದಾರಿ. ಲಾಕರಿನ ಸೀಳುಗಳನ್ನೂ ಅದೇ ಪೆನ್ಸಿಲಿನಿಂದ ಅಳೆ.

ಇನ್ನು ಇರುವೆ. ನೀವು ಫಿನಾಯಿಲ್ ಹಾಕಿದ್ದು ನೆಲಕ್ಕೆ. ಅವು ಬಂದದ್ದು ಗೋಡೆಯ ಮೇಲಿಂದ. ಮೊದಲು ಬರುವುದು ಒಂದೆರಡು ಇರುವೆ ಮಾತ್ರ. ಅವು ಸಿಹಿ ಕಂಡು ಗೂಡಿಗೆ ಮರಳುವಾಗ ಹೊಟ್ಟೆಯ ತುದಿಯಿಂದ ವಾಸನೆಯ ಗೆರೆ ಎಳೆಯುತ್ತಾ ಹೋಗುತ್ತವೆ, ಉಳಿದವು ಅದನ್ನು ಹಿಡಿದು ಬರುತ್ತವೆ. ಸಾಲನ್ನು ಒರೆಸಿ ಹಾಕಿದರೂ ಗೆರೆಯ ಅರ್ಧ ಗೋಡೆಯಲ್ಲಿ ಉಳಿದರೆ ನಾಳೆ ಅದೇ ಸಾಲು. ಸಾಬೂನಿನ ನೀರಿನಲ್ಲಿ ಬಟ್ಟೆ ಅದ್ದಿ, ಕಿಟಕಿಯ ಚೌಕಟ್ಟಿನಲ್ಲಿ ಅವು ಹೊರಬರುವ ತೂತಿನಿಂದ ಡಬ್ಬಿಯವರೆಗೆ ಪೂರ್ತಿ ಒರೆಸಬೇಕು. ಒರೆಸುವ ಮೊದಲು ಸುಮ್ಮನೆ ಕುಳಿತು ಸಾಲು ಎಲ್ಲೆಲ್ಲಿ ತಿರುಗುತ್ತದೆ ಎಂದು ನೋಡು. ಅದು ಬುತ್ತಿಯ ಬಟ್ಟೆಯ ಮೇಲೆ ಹಾದುಹೋಗುತ್ತದೆ ಎಂದು ನನ್ನ ಊಹೆ.

ಮುಚ್ಚಳದ ವಿಷಯ. ತಿರುಗಿಸುವ ಮುಚ್ಚಳಕ್ಕೆ ಒಳಗೆ ರಬ್ಬರಿನ ಬಳೆ ಇಲ್ಲದಿದ್ದರೆ ಇರುವೆಗೆ ಆ ತಿರುವು ಮೆಟ್ಟಿಲಿದ್ದಂತೆ, ಸುತ್ತುತ್ತಾ ಒಳಗೆ ಇಳಿಯುತ್ತದೆ. ಎಷ್ಟು ಬಿಗಿ ಮಾಡಿದರೂ ಅಷ್ಟೇ. ಯಾವ ಡಬ್ಬಿಯನ್ನಾದರೂ ಪರೀಕ್ಷಿಸಬೇಕಾದರೆ ತೆಳ್ಳಗಿನ ಕಾಗದದ ಪಟ್ಟಿಯೊಂದನ್ನು ಅಂಚಿನಲ್ಲಿ ಇಟ್ಟು ಮುಚ್ಚು. ಎಳೆದಾಗ ಜಾರಿ ಬಂದರೆ ಆ ಡಬ್ಬಿ ಇರುವೆಗೆ ತೆರೆದದ್ದೇ. ಸುತ್ತ ನಾಲ್ಕು ಕಡೆ ಹೀಗೆ ನೋಡು.

ಕೇರಂ ಬಳಗ
ಕೇರಂ ಪುಡಿ ಬೋರಿಕ್ ಅಲ್ಲವೇ? ಅದನ್ನು ಸಾಲಿನ ಮೇಲೆ ಚೆಲ್ಲಿದರೆ ಇರುವೆ ಸಾಯುತ್ತದೆ ಎಂದು ನಮ್ಮ ಹುಡುಗರು ಹೇಳುತ್ತಾರೆ.

ದಾದಿ ಕಲಿಯುವವಳು
ಎಲ್ಲ ಕೇರಂ ಪುಡಿಯಲ್ಲೂ ಬೋರಿಕ್ ಇರುವುದಿಲ್ಲ, ಪೊಟ್ಟಣ ಓದಬೇಕು. ಇದ್ದರೂ ಚೆಲ್ಲುವುದರಿಂದ ಪ್ರಯೋಜನ ಕಡಿಮೆ, ಇರುವೆಗಳು ಅದನ್ನು ಸುತ್ತಿ ಹೋಗುತ್ತವೆ. ಸಕ್ಕರೆ ನೀರಿನಲ್ಲಿ ನೂರಕ್ಕೆ ಒಂದು ಭಾಗದಷ್ಟು ಕರಗಿಸಿ, ಹತ್ತಿಯಲ್ಲಿ ಅದ್ದಿ ಕಿಟಕಿಯ ಹೊರಗೆ ಇಟ್ಟರೆ ಅವು ಕುಡಿದು ಗೂಡಿಗೆ ಒಯ್ಯುತ್ತವೆ. ಹೆಚ್ಚು ಹಾಕಿದರೆ ಒಯ್ಯುವ ಮೊದಲೇ ಸಾಯುತ್ತವೆ, ಗೂಡು ಹಾಗೆಯೇ ಉಳಿಯುತ್ತದೆ. ಮೊದಲ ಎರಡು ದಿನ ಇರುವೆ ಹೆಚ್ಚಾದಂತೆ ಕಾಣುತ್ತದೆ, ಆಗ ಒರೆಸಬಾರದು. ತಿಂಡಿ ಮತ್ತು ಕುಡಿಯುವ ನೀರಿನಿಂದ ದೂರ ಇರಲಿ, ಮೇಲ್ವಿಚಾರಕರಿಗೆ ಹೇಳಿಯೇ ಮಾಡಿ.

ತಾಳಿಕೋಟೆಯ ತಮ್ಮ
ಇಷ್ಟೆಲ್ಲ ಏಕೆ? ಒಂದು ಬೆಕ್ಕು ಸಾಕಿ. ನಮ್ಮ ಬಾಡಿಗೆಯ ಕೊಠಡಿಯಲ್ಲಿ ಬೆಕ್ಕು ಬಂದ ಮೇಲೆ ಇಲಿಯ ಸುಳಿವೇ ಇಲ್ಲ. ಅದರ ಮರಿಗಳು ಈಗ ಮೂರು ಇವೆ, ಬೇಕಾದವರು ಕೇಳಿ.

ಎಳ್ಳು ಬೆಲ್ಲ
ಯಾವ ಬಣ್ಣ?

ತಾಳಿಕೋಟೆಯ ತಮ್ಮ
ಎರಡು ಬೂದು, ಒಂದು ಬಿಳಿ.

ಬೀಳಗಿ ಬಿಸಿಲು
ಬೆಕ್ಕು ಹಾಸ್ಟೆಲಿನೊಳಗೆ ಬಿಡುವವರಾರು? ಅಂಗಡಿಯಲ್ಲಿ ಇಲಿ ಪೇಸ್ಟ್ ಸಿಗುತ್ತದೆ, ರೊಟ್ಟಿಗೆ ಸವರಿ ಲಾಕರಿನ ಕೆಳಗೆ ಇಟ್ಟರೆ ಒಂದೇ ರಾತ್ರಿಯ ಕೆಲಸ.

ದಾದಿ ಕಲಿಯುವವಳು
ಅಣ್ಣ, ದಯವಿಟ್ಟು ಈ ಮಾತನ್ನು ಹಿಂತೆಗೆದುಕೊಳ್ಳಿ. ಹಳದಿ ರಂಜಕದ ಪೇಸ್ಟ್ ಹೊಟ್ಟೆಗೆ ಹೋದರೆ ಪ್ರತಿವಿಷವಿಲ್ಲ. ಮೊದಲ ದಿನ ವಾಂತಿಯಾಗಿ ನಿಂತು ಸುಧಾರಿಸಿದಂತೆ ಕಾಣುತ್ತದೆ, ಆಮೇಲೆ ಯಕೃತ್ತು ಕೈಕೊಡುತ್ತದೆ. ರಾತ್ರಿ ದೀಪ ಹಾಕದೆ ಕೈ ಹಾಕಿ ತಿಂಡಿ ತೆಗೆಯುವ ಕೊಠಡಿಯಲ್ಲಿ, ರೊಟ್ಟಿಗೆ ಸವರಿದ ವಿಷವೇ? ಕೊಠಡಿಯಲ್ಲಿ ಯಾವ ವಿಷವೂ ಬೇಡ. ಇಲಿ ಲಾಕರಿನ ಹಿಂದೆಯೋ ಮಾಡಿನಲ್ಲಿಯೋ ಸತ್ತರೆ ಆ ನಾತ ವಾರಗಟ್ಟಲೆ ಹೋಗುವುದಿಲ್ಲ, ಅದು ಬೇರೆ.

ಬೀಳಗಿ ಬಿಸಿಲು
ರೊಟ್ಟಿಗೆ ಸವರುವ ಮಾತು ತಪ್ಪಾಯಿತು. ಹಿಂತೆಗೆದುಕೊಂಡಿದ್ದೇನೆ.

ಹಾಸ್ಟೆಲ್ ನೋಡಿಕೊಳ್ಳುವವಳು
ನಾನು ಬೆಳಗಾವಿಯಲ್ಲಿ ಹುಡುಗಿಯರ ಹಾಸ್ಟೆಲಿನ ಮೇಲ್ವಿಚಾರಕಿ. ನಮ್ಮ ಕಡೆಯಿಂದಲೂ ಕೇಳಿ. ಕೆಲವು ವರ್ಷಗಳ ಹಿಂದೆ ನಾನೂ ತಿಂಡಿಯನ್ನು ಪೂರ್ತಿ ನಿಷೇಧಿಸಿದ್ದೆ. ಆಮೇಲೆ ಕುಂದಾ ದಿಂಬಿನ ಚೀಲದಲ್ಲಿ, ರೊಟ್ಟಿ ಹಾಸಿಗೆಯ ಕೆಳಗೆ, ಶೇಂಗಾ ಬಟ್ಟೆಯ ಪೆಟ್ಟಿಗೆಯಲ್ಲಿ ಸಿಗತೊಡಗಿದವು. ಲಾಕರಿನಲ್ಲಿದ್ದ ಇಲಿ ಹಾಸಿಗೆಗೆ ಬಂದದ್ದು ನನ್ನ ನಿಯಮದಿಂದಲೇ ಎಂದು ಒಪ್ಪಿಕೊಳ್ಳುತ್ತೇನೆ. ಈಗ ಕೊಠಡಿಗೆ ಒಂದೇ ಜಾಗ ಎಂದು ಮಾಡಿದ್ದೇವೆ. ಕುತ್ತಿಗೆ ಅಗಲವಾದ ದೊಡ್ಡ ಸ್ಟೀಲ್ ಡಬ್ಬಿ, ಅದಕ್ಕೆ ಕಾಲಿರುವ ಮಣೆ. ತಿಂಡಿ ಇರುವುದಾದರೆ ಅದರಲ್ಲಿ ಮಾತ್ರ. ಲಾಕರಿನಲ್ಲಿ ಸಿಕ್ಕರೆ ತೆಗೆಯುತ್ತೇನೆ, ಡಬ್ಬಿಯಲ್ಲಿದ್ದರೆ ಮುಟ್ಟುವುದಿಲ್ಲ.

ಒಂದನೆಯ ಬೆಂಚು
ಮೇಡಂ, ಒಂದೇ ಡಬ್ಬಿ ಎಂದರೆ ನನ್ನ ಕರದಂಟು ಮೊದಲ ದಿನವೇ ಮುಗಿಯುತ್ತದೆ. ನಾನು ಬೀಗದ ವಿಷಯ ಎತ್ತಿದ್ದು ಅದಕ್ಕೇ.

ಹಾಸ್ಟೆಲ್ ನೋಡಿಕೊಳ್ಳುವವಳು
ಹೆಸರು ಬರೆದ ಪೊಟ್ಟಣ ಇಡಿ ಎಂದು ಹೇಳುತ್ತೇನೆ. ಕೆಲವು ಕೊಠಡಿಗಳಲ್ಲಿ ನಡೆಯುತ್ತದೆ, ಕೆಲವು ಕಡೆ ಜಗಳವಾಗುತ್ತದೆ. ಮೊಟ್ಟೆ ಹಾಕಿದ ಬಿಸ್ಕತ್ತು, ಕೇಕ್ ಒಟ್ಟಿಗೆ ಇಡುವುದು ಬೇಡ ಎನ್ನುವವರೂ ಇದ್ದಾರೆ. ಅಂಥ ಕೊಠಡಿಗೆ ಎರಡು ಡಬ್ಬಿ ಬಿಟ್ಟಿದ್ದೇನೆ. ಎರಡಾದ ಕಡೆ ಇರುವೆ ಹೆಚ್ಚು ಎಂಬುದನ್ನೂ ಕಂಡಿದ್ದೇನೆ, ಏಕೆಂದರೆ ಒರೆಸುವ ಸರದಿ ಯಾರದು ಎಂಬುದು ಅಸ್ಪಷ್ಟವಾಗುತ್ತದೆ.

ಗೋದಾಮಿನ ಕಾಕಾ
ಮೇಡಂ ಹೇಳಿದ ಮಣೆ ಮುಖ್ಯ. ಗೋದಾಮಿನಲ್ಲಿ ಚೀಲಗಳನ್ನು ನೆಲಕ್ಕೆ ಇಡುವುದಿಲ್ಲ, ಗೋಡೆಗೆ ತಾಗಿಸುವುದೂ ಇಲ್ಲ. ಸುತ್ತ ಒಬ್ಬ ಮನುಷ್ಯ ನಡೆದು ನೋಡುವಷ್ಟು ಜಾಗ ಬಿಡುತ್ತೇವೆ. ಇಲಿ ಬಯಲಿನಲ್ಲಿ ಓಡಲು ಅಂಜುತ್ತದೆ, ಗೋಡೆಯನ್ನು ಉಜ್ಜಿಕೊಂಡೇ ಹೋಗುತ್ತದೆ. ಬೆನ್ನು ಅಂಟಿಸಿದ ಲಾಕರು ಅದಕ್ಕೆ ಮುಚ್ಚಿದ ಓಣಿ ಕಟ್ಟಿಕೊಟ್ಟಂತೆ. ಪೊರಕೆ ಹೋಗುವಷ್ಟು ಮುಂದಕ್ಕೆ ಎಳೆಯಿರಿ.

ಯಾವ ದಾರಿಯಿಂದ ಬರುತ್ತದೆ ಎಂದು ತಿಳಿಯಬೇಕೇ? ಮಲಗುವ ಮೊದಲು ಬಾಗಿಲಿನ ಬಳಿ, ಲಾಕರಿನ ಹಿಂದೆ, ಬಚ್ಚಲಿನ ಕೊಳವೆಯ ಹತ್ತಿರ ಮುಖಕ್ಕೆ ಹಚ್ಚುವ ಪೌಡರನ್ನು ತೆಳ್ಳಗೆ ಉದುರಿಸಿ. ಹಿಟ್ಟು ಬೇಡ, ಅದನ್ನು ತಿನ್ನಲು ಇನ್ನೊಂದು ಬರುತ್ತದೆ. ಬೆಳಿಗ್ಗೆ ಹೆಜ್ಜೆ ಕಾಣುತ್ತದೆ.

ಮೂರನೆಯ ಮಹಡಿಯವಳು
ಎರಡು ವಾರಗಳ ನಂತರ ಬರೆಯುತ್ತಿದ್ದೇನೆ. ಕಾಕಾ, ನಿಮ್ಮ ಊಹೆ ನಿಜವಾಯಿತು. ಸಾಲನ್ನು ನೋಡುತ್ತಾ ಅರ್ಧ ಗಂಟೆ ಕುಳಿತೆ. ಕಿಟಕಿಯ ಚೌಕಟ್ಟಿನ ಬಿರುಕಿನಿಂದ ಹೊರಟು ನೇರ ಮೊಳೆಗೆ, ಬುತ್ತಿಯ ಬಟ್ಟೆಯ ಮೇಲೆ ಇಳಿದು, ಬಟ್ಟೆಯ ತುದಿ ತಾಗಿದ ಲಾಕರಿನ ಬಾಗಿಲಿಗೆ. ಬಟ್ಟೆಯನ್ನು ಬಿಡಿಸಿ ನೋಡಿದೆ. ಮಡಿಕೆಗಳಲ್ಲಿ ಚಟ್ನಿಯ ಎಣ್ಣೆ, ಬದನೆಕಾಯಿ ಪಲ್ಯದ ರಸ, ರೊಟ್ಟಿಯ ಪುಡಿ. ನಾವು ಡಬ್ಬಿಯನ್ನು ಬೈಯುತ್ತಿದ್ದೆವು, ಆಮಂತ್ರಣ ಮೊಳೆಗೆ ತೂಗುತ್ತಿತ್ತು. ಕಾಗದದ ಪರೀಕ್ಷೆಯಲ್ಲಿ ಆರು ಪ್ಲಾಸ್ಟಿಕ್ ಡಬ್ಬಿಗಳಲ್ಲಿ ಐದು ಸೋತವು.

ಪೌಡರಿನ ಮೇಲೆ ಎರಡನೆಯ ರಾತ್ರಿ ಹೆಜ್ಜೆ ಬಿತ್ತು. ಬಾಗಿಲಿನ ಕೆಳಗಿಂದ ಗೋಡೆ ಹಿಡಿದು ಲಾಕರಿನ ಹಿಂದಕ್ಕೆ. ಬಚ್ಚಲಿನ ಕಡೆ ಏನೂ ಇರಲಿಲ್ಲ. ಮೇಲ್ವಿಚಾರಕರು ಬಾಗಿಲಿನ ಅಡಿಗೆ ತಗಡಿನ ಪಟ್ಟಿ ಹೊಡೆಸಿಕೊಟ್ಟರು. ಅದಕ್ಕೆ ಮೊದಲು ಬೋನು ಇಟ್ಟೆವು, ಬಾಯಿ ಗೋಡೆಯ ಉದ್ದಕ್ಕೆ ಇರುವಂತೆ, ಒಳಗೆ ಶೇಂಗಾ ಉಂಡೆಯ ಚಿಕ್ಕ ತುಣುಕು. ಮೊದಲ ರಾತ್ರಿಯೇ ಒಂದು ಸಿಕ್ಕಿತು.

ಹಿಕ್ಕೆಗಳನ್ನು ಒಣಗಿದ್ದಾಗಲೇ ಗುಡಿಸಲು ಹೊರಟಿದ್ದೆವು. ಪಕ್ಕದ ಕೊಠಡಿಯ ಅಕ್ಕ ತಡೆದರು. ಧೂಳು ಮೂಗಿಗೆ ಹೋಗಬಾರದೆಂದು ಬ್ಲೀಚಿಂಗ್ ನೀರು ಚಿಮುಕಿಸಿ, ಐದು ನಿಮಿಷ ಬಿಟ್ಟು, ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು ಕಾಗದದಿಂದ ತೆಗೆದೆವು.

ಈಗ ನಮ್ಮ ಕೊಠಡಿಯ ನಡೆ ಹೀಗಿದೆ. ಮೇಡಂ ಹೇಳಿದಂತೆ ನಾಲ್ವರಿಗೂ ಒಂದೇ ಸ್ಟೀಲ್ ಡಬ್ಬಿ, ಅದು ಮಣೆಯ ಮೇಲೆ. ತಿಂಡಿ ಹಾಸಿಗೆಯ ಮೇಲೆ ಇಲ್ಲ, ಮೇಜಿನ ಮೇಲೆ ಒಂದು ತಟ್ಟೆ ಇಟ್ಟುಕೊಂಡು ಮಾತ್ರ. ರಾತ್ರಿ ಹತ್ತೂವರೆಗೆ ಒಮ್ಮೆ ಡಬ್ಬಿ ತೆರೆಯುತ್ತೇವೆ, ನಾಲ್ವರೂ ಒಟ್ಟಿಗೆ ತಿನ್ನುತ್ತೇವೆ. ಆ ದಿನದ ಸರದಿಯವಳು ಮುಚ್ಚಿದ ಮೇಲೆ ಡಬ್ಬಿಯ ಹೊರಮೈ, ಮಣೆ, ಮೇಜು ಒರೆಸುತ್ತಾಳೆ. ಬುತ್ತಿಯ ಬಟ್ಟೆ ಬಂದ ದಿನವೇ ಸಾಬೂನಿನಲ್ಲಿ ತೊಳೆದು ಹೊರಗೆ ಒಣಹಾಕುತ್ತೇವೆ. ಕಸದ ಬುಟ್ಟಿ ರಾತ್ರಿ ಕೊಠಡಿಯಲ್ಲಿ ಇರುವುದಿಲ್ಲ. ಸಾಲು ನಿಂತು ಒಂಬತ್ತು ದಿನವಾಯಿತು.

ಕೇರಂ ಬಳಗ
ಸರದಿ ಚೀಟಿ ಗೋಡೆಗೆ ಅಂಟಿಸಿದ್ದೀರಾ? ನಮ್ಮಲ್ಲಿ ಮೂರನೆಯ ದಿನಕ್ಕೇ ಎಲ್ಲರೂ ಮರೆತರು.

ಮೂರನೆಯ ಮಹಡಿಯವಳು
ಚೀಟಿ ಇಲ್ಲ. ಒರೆಸುವ ಬಟ್ಟೆಯನ್ನು ಡಬ್ಬಿಯ ಹಿಡಿಕೆಗೇ ಕಟ್ಟಿದ್ದೇವೆ. ಕೊನೆಯಲ್ಲಿ ಬಟ್ಟೆ ಯಾರ ಕೈಯಲ್ಲಿ ಒದ್ದೆಯಾಯಿತೋ ಅವಳು ಮರುದಿನ ಇನ್ನೊಬ್ಬಳಿಗೆ ಕೊಡುತ್ತಾಳೆ.

ಎಳ್ಳು ಬೆಲ್ಲ
ನಾವು ಡಬ್ಬಿಯನ್ನು ನೀರಿನ ತಟ್ಟೆಯಲ್ಲಿ ಇಟ್ಟಿದ್ದೆವು. ಮೊದಲು ಚೆನ್ನಾಗಿತ್ತು, ನಾಲ್ಕನೆಯ ದಿನ ಇರುವೆ ನೀರಿನ ಮೇಲೆಯೇ ನಡೆದುಬಂದವು.

ಅಮೀನಗಡದ ಅಕ್ಕ
ನೀರಿನ ಮೇಲೆ ಧೂಳು ಕೂತು ಕೆನೆಯಂತಾಗಿರುತ್ತದೆ, ಅದೇ ಸೇತುವೆ. ದಿನವೂ ಚೆಲ್ಲಿ ಹೊಸ ನೀರು ಹಾಕಬೇಕು, ಒಂದು ಹನಿ ಸಾಬೂನು ಬಿಡಬೇಕು. ಡಬ್ಬಿ ಗೋಡೆಗೆ ತಾಗಿರಬಾರದು. ನೀರು ವಾರಗಟ್ಟಲೆ ನಿಂತರೆ ಸೊಳ್ಳೆಯೂ ಬರುತ್ತದೆ.

ತಾಳಿಕೋಟೆಯ ತಮ್ಮ
ಸಿಕ್ಕ ಇಲಿಯನ್ನು ಎಲ್ಲಿ ಬಿಟ್ಟಿರಿ ಅಕ್ಕ?

ಮೂರನೆಯ ಮಹಡಿಯವಳು
ಹಾಸ್ಟೆಲಿನ ಹಿಂದಿನ ಬಯಲಿನಲ್ಲಿ.

ಗೋದಾಮಿನ ಕಾಕಾ
ಅಷ್ಟು ಹತ್ತಿರ ಬಿಟ್ಟರೆ ಅದು ಮರಳಿ ಬಂದೀತು, ಇಲ್ಲವೇ ಕೆಳಗಿನ ಕೊಠಡಿಗೆ ಹೋದೀತು. ಪೌಡರು ಇನ್ನೂ ಒಂದು ವಾರ ಉದುರಿಸುತ್ತಿರಿ. ಮನೆಯ ಇಲಿ ಒಂದೇ ಇರುವುದು ಅಪರೂಪ.

ಮೂರನೆಯ ಮಹಡಿಯವಳು
ನಿನ್ನೆ ರಾತ್ರಿ ಮತ್ತೆ ಉದುರಿಸಿದೆವು ಕಾಕಾ. ಕೊಠಡಿಯೊಳಗೆ ಹೆಜ್ಜೆ ಇಲ್ಲ. ಬಾಗಿಲಿನ ಹೊರಗೆ, ಓಣಿಯಲ್ಲಿ ಇದೆ. ತಗಡಿನ ಪಟ್ಟಿಯವರೆಗೆ ಬಂದು, ಪಕ್ಕದ ಕೊಠಡಿಯ ಕಡೆಗೆ ತಿರುಗಿದೆ. ಅವರ ಬಾಗಿಲಿನ ಕೆಳಗೆ ಪೆನ್ಸಿಲ್ ತೂರುತ್ತದೆ. ಸಂಜೆ ಬೋನನ್ನು ಅವರಿಗೆ ಕೊಟ್ಟು ಬಂದೆ.